ಲೆವೆಲಿಂಗ್ ಅಧ್ಯಾಯಕ್ಕೆ 78 ಸ್ಲೈಡ್ ಬೇಡ

ಪ್ರಶ್ನೆ: ಸರ್, ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಕ್ಕಳಿಗೆ ಸರ್ವೇಯಿಂಗ್ ಪಾಠ ಮಾಡುತ್ತೇನೆ. ಲೆವೆಲಿಂಗ್ ಅಧ್ಯಾಯ ಪುಸ್ತಕದಲ್ಲಿ 34 ಪುಟ ಇದೆ. ಸ್ಲೈಡ್ ಮಾಡಿದೆ, 78 ಆಯಿತು. ಮಕ್ಕಳು ಸುಮ್ನೆ ನೋಡಿಕೊಂಡು ಬರೆದುಕೊಳ್ಳುತ್ತಾರೆ. ಕೊನೆಗೆ ಒಂದು ಲೆಕ್ಕ ಕೊಟ್ಟರೆ ಅರ್ಧ ಜನಕ್ಕೆ ಬರುವುದಿಲ್ಲ. ನನಗಿರುವುದು ಆರು ಪೀರಿಯಡ್, ಒಂದೊಂದು ಒಂದು ಗಂಟೆ. 60 ಮಕ್ಕಳು, ಒಂದೇ ಪ್ರೊಜೆಕ್ಟರ್. ಸ್ಲೈಡು, ಚಟುವಟಿಕೆ, ಮಧ್ಯೆ ಕೇಳುವ ಪ್ರಶ್ನೆ ಇವನ್ನು ಹೇಗೆ ಹೊಂದಿಸಲಿ?

ಉತ್ತರ: ಮೇಡಂ, ಮೊದಲು ಆ 78 ಸ್ಲೈಡಿನ ಫೈಲನ್ನು ಮುಚ್ಚಿಡಿ. ಅದನ್ನು ಕತ್ತರಿಸಿ ಚಿಕ್ಕದು ಮಾಡಲು ಹೋದರೆ ಕೈ ಬರುವುದಿಲ್ಲ, ಎಲ್ಲವೂ ಬೇಕು ಅನ್ನಿಸುತ್ತದೆ. ಪುಸ್ತಕವನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಳೆಯ ಪ್ರಶ್ನೆಪತ್ರಿಕೆ ಮತ್ತು ನಿಮ್ಮ ಪ್ರಾಕ್ಟಿಕಲ್ ಪಟ್ಟಿ, ಇವೆರಡನ್ನು ಮುಂದಿಟ್ಟುಕೊಳ್ಳಿ. ಅಧ್ಯಾಯ ಮುಗಿದ ಮೇಲೆ ಹುಡುಗ ಅಥವಾ ಹುಡುಗಿ ಏನು ಮಾಡಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ‘ತಿಳಿದುಕೊಳ್ಳಬೇಕು’ ಎಂದು ಬರೆಯಬೇಡಿ. ಕೈಯಲ್ಲಿ ಮಾಡುವ ಕೆಲಸವನ್ನೇ ಬರೆಯಿರಿ.

ನಾನು ಬರೆದರೆ ಮೂರೇ ಸಾಲು. ಉಪಕರಣ ನಿಲ್ಲಿಸಿ, ಗುಳ್ಳೆ ನಡುವಿಗೆ ತಂದು, ಸ್ಟಾಫ್ ಮೇಲಿನ ರೀಡಿಂಗ್ ಸರಿಯಾಗಿ ಓದುವುದು. ಒಂದು ಚೇಂಜ್ ಪಾಯಿಂಟ್ ಇರುವ ರೀಡಿಂಗ್‌ಗಳನ್ನು ಲೆವೆಲ್ ಬುಕ್ಕಿನಲ್ಲಿ ಸರಿಯಾದ ಕಾಲಮ್ಮಿಗೆ ಬರೆದು ಆರ್‌ಎಲ್ ತೆಗೆಯುವುದು. ಲೆಕ್ಕ ತಾಳೆ ನೋಡಿ, ಆ ತಾಳೆ ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯುವುದಿಲ್ಲ ಎಂದು ಹೇಳುವುದು. ಉಳಿದದ್ದೆಲ್ಲ ಈ ಮೂರಕ್ಕೆ ಸಹಾಯ ಮಾಡಿದರೆ ಸ್ಲೈಡಿಗೆ ಬರಲಿ. ಮಾಡದಿದ್ದರೆ ಪುಸ್ತಕದಲ್ಲೇ ಇರಲಿ, ಮಕ್ಕಳ ಕೈಯಲ್ಲಿ ಪುಸ್ತಕ ಇದೆಯಲ್ಲ.

ಈಗ ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. ನಾನು ನಾಲ್ಕು ಗುರುತು ಹಾಕುತ್ತೇನೆ: ತೋರಿಸು, ಮಾಡಿಸು, ಓದಿಸು, ಬಿಡು. ಲೆವೆಲ್ ಉಪಕರಣದ ವಿಧಗಳು ನಾಲ್ಕೈದು ಪುಟ ಇರುತ್ತವೆ. ಅದು ‘ಓದಿಸು’. ನಿಮ್ಮ ಲ್ಯಾಬಿನಲ್ಲಿ ಇರುವ ಡಂಪಿ ಲೆವೆಲ್ ಮತ್ತು ಆಟೋ ಲೆವೆಲ್ ಎರಡನ್ನು ಮಾತ್ರ ತೋರಿಸಿ, ಅದೂ ಫೋಟೊದಲ್ಲಿ ಅಲ್ಲ, ಮೇಜಿನ ಮೇಲಿಟ್ಟು. ಉಪಕರಣ ನಿಲ್ಲಿಸುವ ಹಂತಗಳು ‘ಮಾಡಿಸು’. ಸ್ಲೈಡಿನಲ್ಲಿ ಅದಕ್ಕೆ ಜಾಗವೇ ಬೇಡ. ಗುಳ್ಳೆ ನಡುವಿಗೆ ತರುವುದನ್ನು ಪರದೆಯ ಮೇಲೆ ಕಲಿತವರನ್ನು ನಾನಂತೂ ನೋಡಿಲ್ಲ.

ಭೂಮಿಯ ವಕ್ರತೆ ಮತ್ತು ಬೆಳಕಿನ ವಕ್ರೀಭವನದ ತಿದ್ದುಪಡಿ ಇದೆಯಲ್ಲ, ಎರಡು ಪುಟದ ಸಾಧನೆ, ಅದನ್ನು ನಿಮ್ಮ ಸ್ಲೈಡಿನಲ್ಲಿ ಐದಾರು ಕಡೆ ಹರಡಿರುತ್ತೀರಿ. ಅದು ಒಂದೇ ಸ್ಲೈಡಿಗೆ ಇಳಿಯುತ್ತದೆ. ಎರಡನ್ನೂ ಸೇರಿಸಿದ ಸೂತ್ರ ಹೀಗಿದೆ, ದೂರ ಕಿಲೋಮೀಟರಿನಲ್ಲಿ, ಉತ್ತರ ಮೀಟರಿನಲ್ಲಿ:

```
C = 0.0673 d²
```

ಇದರ ಕೆಳಗೆ ಎರಡು ಸಾಲು ಸಾಕು. ಒಂದು ಕಿಲೋಮೀಟರ್ ದೂರಕ್ಕೆ 67 ಮಿಲಿಮೀಟರ್. 100 ಮೀಟರಿಗೆ 0.7 ಮಿಲಿಮೀಟರ್. ಸಾಮಾನ್ಯವಾಗಿ ನಾವು ಬಳಸುವ 4 ಮೀಟರ್ ಸ್ಟಾಫಿನಲ್ಲಿ ಒಂದು ಗೆರೆ 5 ಮಿಲಿಮೀಟರ್ ದಪ್ಪ. ಹಾಗಾದರೆ ನಿಮ್ಮ ಕಾಲೇಜಿನ ಮೈದಾನದಲ್ಲಿ ಈ ತಿದ್ದುಪಡಿ ಕಾಣಿಸುತ್ತದಾ? ಆ ಪ್ರಶ್ನೆಯನ್ನು ಅವರಿಗೇ ಬಿಡಿ. ಸಾಧನೆ ಪರೀಕ್ಷೆಗೆ ಬರುವುದಾದರೆ ಪುಟ ಸಂಖ್ಯೆ ಹೇಳಿ, ಮನೆಯಲ್ಲಿ ಬರೆದು ತರಲಿ.

ಇನ್ನೊಂದು ಮಾತು. ಪುಸ್ತಕದ ಕ್ರಮ ಪಾಠದ ಕ್ರಮ ಆಗಬೇಕಿಲ್ಲ. ಪುಸ್ತಕ ವ್ಯಾಖ್ಯೆಗಳಿಂದ ಶುರುವಾಗುತ್ತದೆ. ಡೇಟಮ್, ಬೆಂಚ್ ಮಾರ್ಕ್, ರೆಡ್ಯೂಸ್ಡ್ ಲೆವೆಲ್, ಲೈನ್ ಆಫ್ ಕೊಲಿಮೇಷನ್, ಬ್ಯಾಕ್ ಸೈಟ್, ಫೋರ್ ಸೈಟ್, ಹೀಗೆ ಹದಿನಾರೋ ಹದಿನೇಳೋ. ತಿರುವಿ ನೋಡುವ ಪುಸ್ತಕಕ್ಕೆ ಅದು ಸರಿ. ಮೊದಲ ಪೀರಿಯಡ್ಡಿನಲ್ಲಿ ಕೂತ ಮಕ್ಕಳಿಗೆ ಆ ಹದಿನಾರು ಪದ ತಲೆಗೆ ಅಂಟಲು ಒಂದು ಕೊಕ್ಕೆಯೂ ಇರುವುದಿಲ್ಲ. ನಾನು ಮೊದಲ ದಿನ ಮೂರೇ ಪದ ಕೊಡುತ್ತೇನೆ. ಅದೂ ಕೆಲಸ ಆದ ಮೇಲೆ.

ಮೊದಲ ಪೀರಿಯಡ್ಡಿನ ಕೆಲಸ ಏನೆಂದರೆ ಒಂದು ದಾರ. ಕಟ್ಟಡ ಕಟ್ಟುವ ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡುವುದನ್ನು ನಿಮ್ಮ ಮಕ್ಕಳಲ್ಲಿ ಬಹಳ ಜನ ನೋಡಿರುತ್ತಾರೆ. ಕೆಲವರ ಮನೆಯವರೇ ಆ ಕೆಲಸದಲ್ಲಿ ಇರುತ್ತಾರೆ. ಅಂಥ ಒಬ್ಬ ಹುಡುಗನನ್ನೇ ಕರೆದು ಪೈಪು ಕೊಡಿ. ಎದುರುಬದುರು ಗೋಡೆಗಳ ಮೇಲೆ ಒಂದೇ ಮಟ್ಟದಲ್ಲಿ ಗುರುತು ಹಾಕಲಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ ಅನ್ನುವುದನ್ನು ಅವನೇ ಹೇಳುತ್ತಾನೆ, ನೀವು ಹೇಳಬೇಕಿಲ್ಲ. ಗುರುತಿನಿಂದ ಗುರುತಿಗೆ ಮೇಸ್ತ್ರಿಗಳ ನೈಲಾನ್ ದಾರ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ನಡುವೆ ಒಂದೆರಡು ಸೆಂಟಿಮೀಟರ್ ಜೋತುಬಿದ್ದು ಕೆಲಸ ಕೆಡುತ್ತದೆ.

ದಾರ ನೆಲದಿಂದ 1.500 ಮೀಟರ್ ಎತ್ತರದಲ್ಲಿದೆ ಅನ್ನಿ. ಈಗ ಟೇಪಿನ ಸೊನ್ನೆಯನ್ನು ನೆಲಕ್ಕೆ ಇಟ್ಟು ದಾರದ ಬಳಿ ಓದಿದರೆ 1.500. ಬೋರ್ಡಿನ ಮುಂದಿನ ಕಟ್ಟೆಯ ಮೇಲಿಟ್ಟು ಓದಿದರೆ 1.350. ಡೆಸ್ಕಿನ ಮೇಲಿಟ್ಟರೆ 0.750. ಮೂರು ರೀಡಿಂಗ್ ಬೋರ್ಡಿನ ಮೇಲೆ ಬರೆಯಿರಿ. ಆಗ ಪರದೆಯ ಮೇಲೆ ಈ ಪ್ರಶ್ನೆ ಬರಲಿ: ‘ಒಂದೇ ಕಡೆ ಲೆವೆಲ್ ನಿಲ್ಲಿಸಿ ಓದಿದಾಗ A ಬಿಂದುವಿನಲ್ಲಿ 1.250, B ಬಿಂದುವಿನಲ್ಲಿ 2.100 ಬಂತು. ಯಾವುದು ಎತ್ತರದಲ್ಲಿದೆ?’ ಆಯ್ಕೆ ನಾಲ್ಕು: A, B, ಎರಡೂ ಸಮ, ಆರ್‌ಎಲ್ ಗೊತ್ತಿಲ್ಲದೆ ಹೇಳಲಾಗದು.

ಇಡೀ ಅಧ್ಯಾಯ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ದೊಡ್ಡ ಅಂಕಿ ಎಂದರೆ ಎತ್ತರ ಅಂತ ನಮ್ಮ ಮನಸ್ಸು ತಾನಾಗಿ ಓಡುತ್ತದೆ. ದಾರ ಕಟ್ಟದೆ, ಬರೀ ವ್ಯಾಖ್ಯೆ ಓದಿಸಿ ಈ ಪ್ರಶ್ನೆ ಕೇಳಿ ನೋಡಿ, B ಎನ್ನುವವರು ಎಷ್ಟು ಜನ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ದಾರ ಕಟ್ಟಿದ ಮೇಲೂ ಕೆಲವರು ಹೇಳುತ್ತಾರೆ. ಅವರನ್ನು ಡೆಸ್ಕಿನ ಬಳಿಗೆ ಕರೆದು ಟೇಪು ಕೈಗೆ ಕೊಡಿ. ನಾಲ್ಕನೇ ಆಯ್ಕೆ ಹಿಡಿದವರು ಬೇರೆ ಥರದವರು. ಅವರಿಗೆ ಏರುಪೇರು ಗೊತ್ತಾಗಲು ಸಮುದ್ರಮಟ್ಟ ಬೇಕಿಲ್ಲ, ವ್ಯತ್ಯಾಸ 0.850 ಮೀಟರ್ ಈಗಲೇ ಗೊತ್ತು ಅನ್ನುವುದು ಹೊಳೆದಿಲ್ಲ. ಆರ್‌ಎಲ್ ಯಾಕೆ ಬೇಕು ಎಂದು ಅವರಿಗೆ ಹೇಳುವಾಗ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಫೋಟೊ ಹಾಕಿ. ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದೆ. ನಿಮ್ಮ ಊರಿನ ಸ್ಟೇಷನ್ನಿನದ್ದೇ ಹಾಕಿದರೆ ಒಳ್ಳೆಯದು. ಇಷ್ಟಾದ ಮೇಲೆ ದಾರಕ್ಕೆ ಲೈನ್ ಆಫ್ ಕೊಲಿಮೇಷನ್, ಟೇಪಿಗೆ ಸ್ಟಾಫ್, ಸ್ಟೇಷನ್ ಬೋರ್ಡಿನ ಅಂಕಿಗೆ ಆರ್‌ಎಲ್ ಅಂತ ಹೆಸರು ಕೊಡಿ. ಆ ದಿನಕ್ಕೆ ಸ್ಲೈಡು ಐದೋ ಆರೋ ಆಗಬಹುದು, ಅಷ್ಟೇ.

ಎರಡನೇ ಪೀರಿಯಡ್ ಸ್ಟಾಫ್ ಓದುವುದಕ್ಕೆ. ಇದಕ್ಕೆ ಒಂದು ಸುಲಭ ಉಪಾಯ ಇದೆ. ಹಿಂದಿನ ದಿನ ಲ್ಯಾಬಿನ ಲೆವೆಲನ್ನು ವರಾಂಡದಲ್ಲಿ ನಿಲ್ಲಿಸಿ, ಮೊಬೈಲ್ ಕ್ಯಾಮೆರಾವನ್ನು ಐಪೀಸಿಗೆ ಹಿಡಿದು ಏಳೆಂಟು ಫೋಟೊ ತೆಗೆಯಿರಿ. ಒಂದೊಂದು ಫೋಟೊ ಒಂದು ಸ್ಲೈಡ್, ಬೇರೆ ಅಕ್ಷರ ಏನೂ ಬೇಡ. ಹದಿನೈದು ಸೆಕೆಂಡು ತೋರಿಸಿ, ಎಲ್ಲರೂ ಓದಿ ಬರೆಯಲಿ. ಕೆಂಪು ಅಂಕಿ ಮೀಟರ್, ಕಪ್ಪು ಅಂಕಿ ಡೆಸಿಮೀಟರ್ ಎಂದು ಒಮ್ಮೆ ಹೇಳಿದರೆ ಸಾಕು. ಡಂಪಿ ಲೆವೆಲ್ಲಿನ ಫೋಟೊ ತಲೆಕೆಳಗಾಗಿ ಬಂದರೆ ಅದನ್ನು ತಿರುಗಿಸಿ ಸರಿಮಾಡಬೇಡಿ. ಫೀಲ್ಡಿನಲ್ಲಿ ಅವರಿಗೆ ಕಾಣುವುದು ಹಾಗೇ ಅಲ್ವಾ? ಪುಸ್ತಕದ ಚಿತ್ರ ಸ್ಕ್ಯಾನ್ ಮಾಡಿ ಹಾಕುವುದಕ್ಕಿಂತ ಈ ಮಸುಕು ಫೋಟೊ ನೂರು ಪಾಲು ಮೇಲು. ಹಕ್ಕುಸ್ವಾಮ್ಯದ ತಕರಾರೂ ಇಲ್ಲ.

ಮೂರನೇ ಪೀರಿಯಡ್ಡನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಲೆಕ್ಕ ಬರುವುದಿಲ್ಲ ಅಂದಿರಲ್ಲ, ಅದು ಮುರಿಯುವುದು ಇಲ್ಲೇ. ಹೈಟ್ ಆಫ್ ಇನ್‌ಸ್ಟ್ರುಮೆಂಟ್ ವಿಧಾನ, ಜೊತೆಗೆ ಒಂದು ಚೇಂಜ್ ಪಾಯಿಂಟ್. ಸೂತ್ರ ಎರಡೇ:

```
HI = RL + BS
RL = HI − (IS or FS)
```

ಪುಸ್ತಕದಲ್ಲಿ ಸಾಮಾನ್ಯವಾಗಿ ಹದಿಮೂರು ಹದಿನಾಲ್ಕು ರೀಡಿಂಗ್ ಇರುವ ಬಿಡಿಸಿದ ಲೆಕ್ಕ ಇರುತ್ತದೆ, ಎರಡು ಮೂರು ಚೇಂಜ್ ಪಾಯಿಂಟ್ ಇರುತ್ತವೆ. ಅದನ್ನು ಹಾಗೇ ಸ್ಲೈಡಿಗೆ ಹಾಕಿದರೆ ಹಿಂದಿನ ಬೆಂಚಿನವರಿಗೆ ಅಂಕಿ ಕಾಣುವುದಿಲ್ಲ, ಮುಂದಿನವರು ನಕಲು ಮಾಡಿಕೊಳ್ಳುತ್ತಾರೆ. ನೀವು ಏಳು ರೀಡಿಂಗಿನ ಚಿಕ್ಕ ಲೆಕ್ಕ ಒಂದನ್ನು ನೀವೇ ಕಟ್ಟಿ. ನನ್ನದು ಇದು:

```
Pt   BS     IS     FS     HI       RL
BM   1.425                101.425  100.000
A           1.880                   99.545
B           0.965                  100.460
C    1.310         2.150  100.585   99.275
D           1.745                   98.840
E                  0.820            99.765
```

ಇದು ಉತ್ತರದ ಪಟ್ಟಿ, ನಿಮಗಾಗಿ. ಪರದೆಯ ಮೇಲೆ ಇದು ಇಡಿಯಾಗಿ ಬರುವುದು ಪೀರಿಯಡ್ಡಿನ ಕೊನೆಯ ಐದು ನಿಮಿಷದಲ್ಲಿ ಮಾತ್ರ. ಮಕ್ಕಳ ಕೈಗೆ ಖಾಲಿ ಮನೆಗಳ ಒಂದು ಎ4 ಹಾಳೆ ಕೊಡಿ, ಇಬ್ಬರಿಗೆ ಒಂದು ಸಾಕು. ಆ ಪಟ್ಟಿಯನ್ನು ಅವರೇ ಗೆರೆ ಹಾಕಿ ಬರೆಯಲು ಬಿಟ್ಟರೆ ಎಂಟು ಹತ್ತು ನಿಮಿಷ ಹೋಗುತ್ತದೆ, ಅದರಿಂದ ಕಲಿಯುವುದು ಏನೂ ಇಲ್ಲ.

ಮೊದಲ ಸ್ಲೈಡಿನಲ್ಲಿ ಮೊನ್ನೆಯ ‘ಯಾವುದು ಎತ್ತರ’ ಪ್ರಶ್ನೆಯೇ ಬೇರೆ ಅಂಕಿಗಳಲ್ಲಿ ಬರಲಿ, ಎರಡು ನಿಮಿಷ. ಎರಡನೇ ಸ್ಲೈಡಿನಲ್ಲಿ ಪಕ್ಕದಿಂದ ನೋಡಿದ ನೆಲದ ಚಿತ್ರ: ಏರಿಳಿತದ ಒಂದು ಗೆರೆ, ಅದರ ಮೇಲೆ ಬಿಎಂ, A, B, C. ನಡುವೆ ಲೆವೆಲ್, ಅದರಿಂದ ಎರಡೂ ಕಡೆಗೆ ಅಡ್ಡಗೆರೆ. ಈ ಚಿತ್ರ ನೀವೇ ಬಿಡಿಸಿ, ನೀಟಾಗಿ ಇರಬೇಕಿಲ್ಲ. ಆ ಅಡ್ಡಗೆರೆ ಮೊದಲ ದಿನದ ದಾರವೇ ಎಂದು ತೋರಿಸಿ. ಮೂರನೇ ಸ್ಲೈಡಿನಲ್ಲಿ ಅದೇ ಚಿತ್ರ, ಬಿಎಂ ಮೇಲೆ ಸ್ಟಾಫ್, 1.425 ಎಂಬ ಅಂಕಿ. ಬಿಎಂ 100.000 ಆದರೆ ಗೆರೆ ಎಷ್ಟರಲ್ಲಿದೆ? ಚಿತ್ರ ನೋಡಿದರೆ ಕೂಡಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ಸೂತ್ರ ಆಮೇಲೆ ಬರೆಯಿರಿ. A ಬಿಂದುವನ್ನು ನೀವು ಮಾಡಿ ತೋರಿಸಿ, B ಯನ್ನು ಅವರು ಮಾಡಲಿ. C ಯ ಮೇಲಿನ ಫೋರ್ ಸೈಟನ್ನೂ ಅವರೇ ಮಾಡಲಿ. ಇಷ್ಟಕ್ಕೆ ಇಪ್ಪತ್ತೈದು ನಿಮಿಷ.

ಆಮೇಲೆ ಚೇಂಜ್ ಪಾಯಿಂಟ್. ಇಲ್ಲಿ ಪಠ್ಯ ಹೇಳುವುದು ಒಂದು ಸಾಲು: ಫೋರ್ ಸೈಟ್ ಮತ್ತು ಬ್ಯಾಕ್ ಸೈಟ್ ಎರಡನ್ನೂ ತೆಗೆಯುವ ಬಿಂದು. ಓದಿದವರಿಗೆ ಏನೂ ಕಾಣುವುದಿಲ್ಲ. ಇದಕ್ಕೆ ಒಂದು ಸ್ಲೈಡ್ ಜಾಸ್ತಿ ಕೊಡಿ. ಒಂದೇ ನೆಲ, ಒಂದೇ C. ಮೊದಲ ಚಿತ್ರದಲ್ಲಿ ಲೆವೆಲ್ ಎಡಕ್ಕಿದೆ, ಗೆರೆ ಮೇಲಿದೆ, C ಯಲ್ಲಿ ಸ್ಟಾಫ್ ರೀಡಿಂಗ್ 2.150. ಮುಂದಿನ ಸ್ಲೈಡಿಗೆ ಹೋದಾಗ ಲೆವೆಲ್ ಮಾತ್ರ ಬಲಕ್ಕೆ ಹೋಗಬೇಕು, ಗೆರೆ ಕೆಳಗಿಳಿಯಬೇಕು, C ಕದಲಬಾರದು, ಸ್ಟಾಫ್ ಕದಲಬಾರದು. ರೀಡಿಂಗ್ 1.310. ಅನಿಮೇಷನ್ ಬೇಡ. ಸ್ಲೈಡನ್ನು ನಕಲು ಮಾಡಿ ಲೆವೆಲ್ಲನ್ನೂ ಗೆರೆಯನ್ನೂ ಸರಿಸಿದರೆ ಸಾಕು, ಹಿಂದೆ ಮುಂದೆ ಒತ್ತಿದಾಗ ಕಣ್ಣಿಗೆ ಹಿಡಿಯುತ್ತದೆ. ನೆಲ ಅಲ್ಲೇ ಇದೆ, ನಾವು ನೋಡುವ ಎತ್ತರ ಬದಲಾಯಿತು ಅಷ್ಟೇ.

ಈಗ ತಡೆದು ಪ್ರಶ್ನೆ ಕೇಳಬೇಕು. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ‘ಆಯ್ತು ಮೇಡಂ’ ಅನ್ನುವುದು ನಮ್ಮ ಕ್ಲಾಸುಗಳ ಪ್ರಾರ್ಥನೆ ಇದ್ದ ಹಾಗೆ, ಅದರಿಂದ ಏನೂ ತಿಳಿಯುವುದಿಲ್ಲ. ಪ್ರಶ್ನೆ ಹೀಗಿರಲಿ: ‘ಮೊದಲ ಎಚ್‌ಐ 101.425. C ಯಲ್ಲಿ ಎಫ್‌ಎಸ್ 2.150, ಲೆವೆಲ್ ಸರಿಸಿದ ಮೇಲೆ ಬಿಎಸ್ 1.310. ಹೊಸ ಎಚ್‌ಐ ಎಷ್ಟು?’ ಆಯ್ಕೆಗಳು:

```
1) 102.735
2) 100.585
3) 101.310
4)  97.965
```

ಈ ತಪ್ಪು ಅಂಕಿಗಳನ್ನು ಬಾಯಿಗೆ ಬಂದಂತೆ ಬರೆದಿಲ್ಲ. ಒಂದೊಂದೂ ಒಂದೊಂದು ತಪ್ಪು ದಾರಿಯಲ್ಲಿ ನಡೆದರೆ ಸಿಗುವ ಉತ್ತರ. ಹಳೆಯ ಎಚ್‌ಐಗೆ ಹೊಸ ಬಿಎಸ್ ಕೂಡಿಸಿದವರಿಗೆ 102.735 ಸಿಗುತ್ತದೆ. ಅಂಥವರಿಗೆ ಲೆವೆಲ್ ಸರಿಸಿದಾಗ ಹಳೆಯ ಗೆರೆ ಸತ್ತಿತು ಅನ್ನುವುದು ತಿಳಿದಿಲ್ಲ. ಬಿಎಂನ 100.000ಕ್ಕೆ ಕೂಡಿಸಿದವರಿಗೆ 101.310 ಸಿಗುತ್ತದೆ. ಬ್ಯಾಕ್ ಸೈಟ್ ಅಂದರೆ ಯಾವಾಗಲೂ ಬಿಎಂ ಮೇಲೆ ಎಂದು ಅವರು ಹಿಡಿದಿದ್ದಾರೆ, ಯಾಕೆಂದರೆ ಮೊದಲ ಉದಾಹರಣೆಯಲ್ಲಿ ಹಾಗೇ ಇತ್ತು. C ಯ ಆರ್‌ಎಲ್ 99.275 ಸರಿಯಾಗಿ ತೆಗೆದು, ಅದರಿಂದ ಕಳೆದವರಿಗೆ 97.965. ಅವರಿಗೆ ಚಿತ್ರ ಗೊತ್ತು, ಕೂಡುವುದು ಕಳೆಯುವುದು ಅದಲುಬದಲಾಗಿದೆ. ಮೂರು ತಪ್ಪಿಗೆ ಮೂರು ಬೇರೆ ಮದ್ದು. ‘ಇನ್ನೊಮ್ಮೆ ಹೇಳ್ತೀನಿ ಕೇಳಿ’ ಅಂದರೆ ಮೂರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಇಂಥ ಆಯ್ಕೆಗಳು ಎಲ್ಲಿಂದ ಸಿಗುತ್ತವೆ ಅಂದರೆ, ಹಳೆಯ ಇಂಟರ್ನಲ್ ಉತ್ತರಪತ್ರಿಕೆಗಳಿಂದ. ಕಳೆದ ಬ್ಯಾಚಿನ ಇಪ್ಪತ್ತು ಪೇಪರು ತೆಗೆದು, ಎಚ್‌ಐ ತಪ್ಪಿದ ಕಡೆ ಅವರು ಯಾವ ಎರಡು ಅಂಕಿ ಕೂಡಿದ್ದಾರೆ ಎಂದು ನೋಡಿ. ಅರ್ಧ ಗಂಟೆಯಲ್ಲಿ ನಿಮ್ಮ ಪ್ರಶ್ನೆ ತಯಾರು. ಒಂದು ಎಚ್ಚರಿಕೆ: ಅಂಕಿಗಳನ್ನು ಆರಿಸುವಾಗ ಎರಡು ತಪ್ಪು ದಾರಿಗೆ ಒಂದೇ ಉತ್ತರ ಬರದಂತೆ ನೋಡಿಕೊಳ್ಳಿ. ಹಾಗೇ ತಪ್ಪು ದಾರಿ ಹಿಡಿದವನಿಗೆ ಅಕಸ್ಮಾತ್ ಸರಿ ಉತ್ತರ ಬರುವಂತಿದ್ದರೆ ಆ ಪ್ರಶ್ನೆ ಕಸದ ಬುಟ್ಟಿಗೆ. ಬಿಎಂ 100.000 ಇಟ್ಟು C ಯ ಆರ್‌ಎಲ್ಲೂ 100.000 ಬರುವ ಹಾಗೆ ನಾನು ಒಮ್ಮೆ ಅಂಕಿ ಕೊಟ್ಟಿದ್ದೆ. ಕ್ಲಾಸಿಗೆ ಕ್ಲಾಸೇ ಸರಿ ಉತ್ತರ ಹೇಳಿತು, ನಾನು ಖುಷಿಯಲ್ಲಿ ಮುಂದೆ ಹೋದೆ. ಇಂಟರ್ನಲ್ಸ್‌ನಲ್ಲಿ ಗೊತ್ತಾಯಿತು.

ಉತ್ತರ ತೆಗೆದುಕೊಳ್ಳುವುದಕ್ಕೆ ಆ್ಯಪ್, ರಿಮೋಟ್ ಏನೂ ಬೇಡ. ಒಂದು ನಿಮಿಷ ಮಾತಾಡದೆ ಲೆಕ್ಕ ಮಾಡಲಿ. ನೀವು ‘ಈಗ’ ಅಂದಾಗ ಎಲ್ಲರೂ ಒಟ್ಟಿಗೆ ಎದೆಯ ಮುಂದೆ ಬೆರಳು ಹಿಡಿಯಲಿ: ಒಂದು, ಎರಡು, ಮೂರು, ನಾಲ್ಕು. ಕೈ ಮೇಲೆತ್ತಿಸಿದರೆ ಪಕ್ಕದವನನ್ನು ನೋಡಿ ಬದಲಾಯಿಸುತ್ತಾರೆ. 60 ಜನರನ್ನು ಎಣಿಸಬೇಕಿಲ್ಲ, ಒಂದು ಸಲ ಕಣ್ಣು ಹಾಯಿಸಿದರೆ ಯಾವ ಬೆರಳು ಜಾಸ್ತಿ ಎಂದು ತಿಳಿಯುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹೇಳಿಕೊಡುವ ಎರಿಕ್ ಮಜೂರ್ 1990ರ ದಶಕದಲ್ಲಿ ಈ ಥರದ ಪಾಠವನ್ನು ಹೆಸರುವಾಸಿ ಮಾಡಿದರು. ಅವರ ಲೆಕ್ಕ ಹೆಚ್ಚುಕಡಿಮೆ ಹೀಗೆ: ಸರಿ ಉತ್ತರ ನೂರಕ್ಕೆ 30ಕ್ಕಿಂತ ಕಡಿಮೆ ಇದ್ದರೆ ಮತ್ತೆ ಪಾಠ ಮಾಡಿ. 70ಕ್ಕಿಂತ ಜಾಸ್ತಿ ಇದ್ದರೆ ಸ್ವಲ್ಪ ವಿವರಿಸಿ ಮುಂದೆ ಹೋಗಿ. ಮಧ್ಯೆ ಇದ್ದರೆ ಉತ್ತರ ಹೇಳದೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಿಸಿ, ಮತ್ತೆ ಬೆರಳು ಕೇಳಿ. ಆ ಎರಡು ನಿಮಿಷ ಕ್ಲಾಸು ಸಂತೆ ಥರ ಆಗುತ್ತದೆ. ಪಕ್ಕದ ಕ್ಲಾಸಿನವರು ಇಣುಕಿ ನೋಡಬಹುದು. ಆಗಲಿ ಬಿಡಿ.

ಇದನ್ನು ಸ್ಲೈಡಿನಲ್ಲೇ ಯೋಚಿಸಿ ಇಟ್ಟಿರಬೇಕು. ಪ್ರಶ್ನೆಯ ಸ್ಲೈಡ್ ಆದ ತಕ್ಷಣ ಉತ್ತರದ ಸ್ಲೈಡ್ ಬರಬಾರದು. ನಡುವೆ C ಯ ಆ ಎರಡು ಚಿತ್ರ ಇರುವ ಒಂದು ಸ್ಲೈಡ್ ಇಟ್ಟುಕೊಳ್ಳಿ. ಬೇಕಾದರೆ ನಿಲ್ಲಿಸಿ, ಬೇಡವಾದರೆ ದಾಟಿ ಹೋಗಿ. ‘ಹೊಸ ಗೆರೆಯನ್ನು ಯಾವ ಬಿಂದುವಿನಿಂದ ಅಳೆದೆವು?’ ಎಂಬ ಒಂದೇ ಸಾಲು ಅದರ ಮೇಲಿರಲಿ. 102.735 ಅಂದವರೂ 101.310 ಅಂದವರೂ ಇದನ್ನು ನೋಡಿ ತಾವೇ ತಿದ್ದಿಕೊಳ್ಳುತ್ತಾರೆ. ಆಮೇಲೆ D, E ಎರಡೂ ಅವರ ಕೆಲಸ. ಬೇಗ ಮುಗಿಸಿ ಕೂರುವ ಏಳೆಂಟು ಜನ ಇರುತ್ತಾರಲ್ಲ, ಅವರಿಗೆ ಹಾಳೆಯ ಹಿಂಬದಿಯಲ್ಲಿ ಒಂದು ಪ್ರಶ್ನೆ: ಮೊದಲ ಎಚ್‌ಐ ಇರುವಾಗ ಸ್ಟಾಫನ್ನು ತಲೆಕೆಳಗಾಗಿ ಹಿಡಿದು ತೊಲೆಯ ತಳಕ್ಕೆ ತಾಗಿಸಿದರೆ 1.905 ಬಂತು, ತೊಲೆಯ ತಳದ ಆರ್‌ಎಲ್ ಎಷ್ಟು? ಇಲ್ಲಿ ಕಳೆಯುವ ಬದಲು ಕೂಡಬೇಕು, 103.330. ಸೂತ್ರ ಬಾಯಿಪಾಠ ಮಾಡಿದವರು ಸಿಕ್ಕಿಬೀಳುತ್ತಾರೆ, ಚಿತ್ರ ಬರೆದವರು ಪಾರಾಗುತ್ತಾರೆ.

ಇಡೀ ಪೀರಿಯಡ್ಡಿಗೆ ಎಣಿಸಿದರೆ ಹತ್ತು ಹನ್ನೊಂದು ಸ್ಲೈಡು. ಅದರಲ್ಲಿ ಬರೆದುಕೊಳ್ಳಬೇಕಾದ್ದು ಎರಡು ಸೂತ್ರ ಮತ್ತು ಕೊನೆಯ ಪಟ್ಟಿ ಮಾತ್ರ. ಬರೆದುಕೊಳ್ಳಬೇಕಾದ ಸ್ಲೈಡಿನ ಮೂಲೆಯಲ್ಲಿ ಒಂದು ಪೆನ್ಸಿಲ್ ಗುರುತು ಹಾಕಿ. ಗುರುತು ಇಲ್ಲದ್ದನ್ನು ಬರೆಯಬಾರದು ಎಂದು ಮೊದಲ ದಿನವೇ ಹೇಳಿ. ನಿಮ್ಮ ಮಕ್ಕಳು ಸುಮ್ನೆ ಬರೆಯುತ್ತಾ ಕೂರುವುದಕ್ಕೆ ಅರ್ಧ ಕಾರಣ, ಯಾವುದು ಮುಖ್ಯ ಅಂತ ಅವರಿಗೆ ಗೊತ್ತಿಲ್ಲದಿರುವುದು. ಅಕ್ಷರದ ಅಳತೆ 28ಕ್ಕಿಂತ ಕೆಳಗೆ ಇಳಿಸಬೇಡಿ. ಕ್ಲಾಸಿಗೆ ಮುಂಚೆ ಕೊನೆಯ ಬೆಂಚಿನಲ್ಲಿ ಕೂತು, ಕಿಟಕಿ ತೆರೆದಿಟ್ಟು ನೋಡಿ. ಪಟ್ಟಿಯ ಅಂಕಿ ಕಾಣದಿದ್ದರೆ ಆ ಸ್ಲೈಡು ಇದ್ದೂ ಇಲ್ಲ.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರು ನಿಮ್ಮಲ್ಲೂ ಇರುತ್ತಾರೆ. ಬ್ಯಾಕ್ ಸೈಟ್, ಫೋರ್ ಸೈಟ್‌ಗೆ ಕನ್ನಡ ಪದ ಹುಡುಕಲು ಹೋಗಬೇಡಿ, ಸೈಟಿನಲ್ಲೂ ಪುಸ್ತಕದಲ್ಲೂ ಅವರಿಗೆ ಎದುರಾಗುವುದು ಆ ಪದಗಳೇ. ಪದ ಇಂಗ್ಲಿಷಿನದ್ದು, ವಾಕ್ಯ ಕನ್ನಡದ್ದು ಇರಲಿ. ಬ್ಯಾಕ್ ಎಂದರೆ ಬೆನ್ನ ಹಿಂದೆ ಇರುವ ಬಿಂದು ಎಂದು ತಿಳಿಯುವವರು ಪ್ರತಿ ವರ್ಷ ಸಿಗುತ್ತಾರೆ. ಲೆವೆಲ್ ನಿಲ್ಲಿಸಿದ ಮೇಲೆ ಮೊದಲು ತೆಗೆಯುವ ರೀಡಿಂಗ್ ಬ್ಯಾಕ್ ಸೈಟ್, ಎತ್ತಿಕೊಂಡು ಹೊರಡುವ ಮುಂಚೆ ತೆಗೆಯುವ ಕೊನೆಯದು ಫೋರ್ ಸೈಟ್ ಎಂದು ಕೆಲಸದ ಕ್ರಮದಲ್ಲಿ ಹೇಳಿದರೆ ಗೊಂದಲ ಇರುವುದಿಲ್ಲ.

ನಾಲ್ಕನೇ ಪೀರಿಯಡ್ಡಿಗೆ ರೈಸ್ ಅಂಡ್ ಫಾಲ್ ವಿಧಾನ. ಹೊಸ ಲೆಕ್ಕ ತರಬೇಡಿ. ಅದೇ ಏಳು ರೀಡಿಂಗು, ಅದೇ ಹಾಳೆ, ಬೇರೆ ದಾರಿ. ಒಂದಾದ ಮೇಲೊಂದು ರೀಡಿಂಗ್ ಕಳೆಯುತ್ತಾ ಹೋದರೆ ಏರು ಒಟ್ಟು 1.840, ಇಳಿತ ಒಟ್ಟು 2.075, ವ್ಯತ್ಯಾಸ ಕಳೆ 0.235. ಬಿಎಸ್ ಒಟ್ಟು 2.735, ಎಫ್‌ಎಸ್ ಒಟ್ಟು 2.970, ಅಲ್ಲೂ ಕಳೆ 0.235. ಕೊನೆಯ ಆರ್‌ಎಲ್ 99.765ರಿಂದ 100.000 ಕಳೆದರೂ ಅದೇ. ಮೂರೂ ಒಂದೇ ಬಂದಾಗ ಕ್ಲಾಸಿನಲ್ಲಿ ಒಂದು ಸಣ್ಣ ಸದ್ದು ಬರುತ್ತದೆ, ಕೇಳಲು ಚೆನ್ನಾಗಿರುತ್ತದೆ.

ಇಲ್ಲಿಗೆ ಒಂದು ಚಟುವಟಿಕೆ ಇಡಿ. ಎಚ್‌ಐ ವಿಧಾನದ ಪಟ್ಟಿಯನ್ನೇ ಇನ್ನೊಮ್ಮೆ ಮುದ್ರಿಸಿ, B ಯ ಆರ್‌ಎಲ್ 100.460 ಇರುವಲ್ಲಿ 100.640 ಎಂದು ಬರೆದು ಕೊಡಿ. ‘ತಾಳೆ ನೋಡಿ, ಈ ಪಟ್ಟಿ ಸರಿ ಇದೆಯಾ?’ ಬಿಎಸ್, ಎಫ್‌ಎಸ್, ಮೊದಲ ಮತ್ತು ಕೊನೆಯ ಆರ್‌ಎಲ್ ಎಲ್ಲ ಸರಿಯಾಗಿ ತಾಳೆಯಾಗುತ್ತವೆ. ಬಹಳ ಜನ ಸರಿ ಇದೆ ಅನ್ನುತ್ತಾರೆ. B ಇಂಟರ್‌ಮೀಡಿಯೆಟ್ ಸೈಟ್, ಅದರ ಆರ್‌ಎಲ್‌ನಿಂದ ಮುಂದಿನ ಯಾವುದೂ ಹುಟ್ಟುವುದಿಲ್ಲ. ಆದ್ದರಿಂದ ಎಚ್‌ಐ ವಿಧಾನದ ಈ ತಾಳೆಗೆ ಆ ತಪ್ಪು ಕಾಣುವುದಿಲ್ಲ. ರೈಸ್ ಅಂಡ್ ಫಾಲ್‌ನಲ್ಲಿ ಪ್ರತಿ ಆರ್‌ಎಲ್ ಹಿಂದಿನದರಿಂದ ಹುಟ್ಟುತ್ತದೆ, ಅಲ್ಲಿ ಇದೇ ತಪ್ಪು ಮಾಡಿದರೆ ಕೊನೆಯ ಅಂಕಿ ಹಾಳಾಗಿ ಸಿಕ್ಕಿಬೀಳುತ್ತದೆ. ಎರಡು ವಿಧಾನಗಳ ಹೋಲಿಕೆ ಎಂದು ಪುಸ್ತಕದಲ್ಲಿ ಎರಡು ಕಾಲಮ್ಮಿನ ಪಟ್ಟಿ ಇರುತ್ತದಲ್ಲ, ಅದನ್ನು ಸ್ಲೈಡಿಗೆ ಹಾಕುವುದೇ ಬೇಡ. ಈ ಹಾಳೆ ಮಾಡಿದವರು ಅದನ್ನು ತಾವೇ ಬರೆಯುತ್ತಾರೆ.

ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಸ್ಟಾಫ್ ಹಿಡಿದವನು ಅದನ್ನು ವಾಲಿಸಿ ಹಿಡಿದಿದ್ದ. ಇದನ್ನು ಯಾವ ತಾಳೆ ಹಿಡಿಯುತ್ತದೆ? ಯಾವುದೂ ಇಲ್ಲ. ವಾಲಿದ ಸ್ಟಾಫಿನ ರೀಡಿಂಗ್ ನಿಜಕ್ಕಿಂತ ದೊಡ್ಡದಾಗಿರುತ್ತದೆ, ಆ ಅಂಕಿಯನ್ನು ಇಟ್ಟುಕೊಂಡು ಲೆಕ್ಕ ನೀಟಾಗಿ ತಾಳೆಯಾಗುತ್ತದೆ. ತಾಳೆ ನೋಡುವುದು ನಮ್ಮ ಕೂಡಿಸು ಕಳೆಯುವುದನ್ನು ಮಾತ್ರ. ಫೀಲ್ಡಿನ ತಪ್ಪು ಹಿಡಿಯಬೇಕಾದರೆ ಮತ್ತೆ ಬಿಎಂಗೆ ವಾಪಸ್ ಬಂದು ಮುಗಿಸಬೇಕು. ಹೀಗೆ ಕೇಳಿದರೆ ಕ್ಲೋಸಿಂಗ್ ಎರರ್ ಯಾಕೆ ಬೇಕು ಅನ್ನುವುದು ಅವರ ಬಾಯಲ್ಲೇ ಬರುತ್ತದೆ.

ಐದನೇ ಪೀರಿಯಡ್ ಹೊರಗೆ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ವರ್ಷ ಒಂದೇ ಆಟೋ ಲೆವೆಲ್ ಹಿಡಿದು 60 ಜನರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಆರು ಜನ ಕೆಲಸ ಮಾಡಿದರು, ಉಳಿದವರು ಹುಣಸೆ ಮರದ ನೆರಳಿನಲ್ಲಿ ಆರಾಮಾಗಿದ್ದರು. ನಿಮ್ಮಲ್ಲಿ ಮೂರು ಉಪಕರಣ ಇದ್ದರೆ ಮೂರು ಗುಂಪು ಲೆವೆಲ್ಲಿನಲ್ಲಿ, ಮೂರು ಗುಂಪು ನೀರಿನ ಪೈಪು ಮತ್ತು ಟೇಪಿನಲ್ಲಿ. ಎರಡೂ ಕಡೆ ಒಂದೇ ಜಾಗ, ಉದಾಹರಣೆಗೆ ಕಾಲೇಜಿನ ಮೆಟ್ಟಿಲ ಮೇಲಿನ ಕಟ್ಟೆಯಿಂದ ಗೇಟಿನ ಹತ್ತಿರದ ಚರಂಡಿಯವರೆಗೆ. ಅರ್ಧ ಹೊತ್ತಿಗೆ ಅದಲುಬದಲು. ಎರಡು ದಾರಿಯಲ್ಲಿ ಬಂದ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿಸಿ. ಒಂದು ಗುಂಪಿಗೆ ಹತ್ತು ಸೆಂಟಿಮೀಟರಿನಷ್ಟು, ಅಂದರೆ ಸರಿಯಾಗಿ ಒಂದು ಡೆಸಿಮೀಟರ್ ತಪ್ಪು ಬಂದರೆ ಸ್ಟಾಫಿನ ಕಪ್ಪು ಅಂಕಿ ತಪ್ಪಾಗಿ ಓದಿದ್ದಾರೆ ಅಂತ ಅರ್ಥ. ಒಂದೆರಡು ಸೆಂಟಿಮೀಟರ್ ಆದರೆ ಮೊದಲು ಪೈಪಿನಲ್ಲಿ ಗುಳ್ಳೆ ಇದೆಯಾ, ಆಮೇಲೆ ಸ್ಟಾಫ್ ವಾಲಿತ್ತಾ ನೋಡಿ. ಆರನೇ ಪೀರಿಯಡ್ಡಿಗೆ ಹೊಸ ಸ್ಲೈಡೇ ಬೇಡ. ಈ ಅಂಕಿಗಳನ್ನೇ ಲೆವೆಲ್ ಬುಕ್ಕಿಗೆ ಏರಿಸಿ, ಪುಸ್ತಕದ ದೊಡ್ಡ ಲೆಕ್ಕ ಒಂದನ್ನು ಬಿಡಿಸಲಿ.

ಒಟ್ಟು ಲೆಕ್ಕ ಹಾಕಿದರೆ ನಿಮ್ಮ 78 ಸ್ಲೈಡು ಮೂವತ್ತೈದರ ಆಸುಪಾಸಿಗೆ ಬರುತ್ತದೆ, ಅದರಲ್ಲಿ ಎಂಟು ಹತ್ತು ಬರೀ ಫೋಟೊ. ಆರೂ ಪೀರಿಯಡ್ಡನ್ನು ಒಂದೇ ವಾರದಲ್ಲಿ ಹೊಸದಾಗಿ ಮಾಡಲು ಹೋಗಬೇಡಿ, ನಿದ್ದೆ ಕೆಡುತ್ತದೆ. ಈ ಸಲ ಮೂರನೆಯದನ್ನು ಮಾತ್ರ ಮಾಡಿ. ಕ್ಲಾಸು ಮುಗಿದ ಕೂಡಲೇ ಆ ಎಚ್‌ಐ ಪ್ರಶ್ನೆಗೆ ಯಾವ ಬೆರಳು ಜಾಸ್ತಿ ಬಂತು ಅನ್ನುವುದನ್ನು ಅದೇ ಸ್ಲೈಡಿನ ಕೆಳಗಿನ ನೋಟ್ಸ್ ಜಾಗದಲ್ಲಿ ತಾರೀಖಿನ ಜೊತೆ ಬರೆದಿಡಿ. ಮುಂದಿನ ಬ್ಯಾಚಿಗೆ ಚೇಂಜ್ ಪಾಯಿಂಟಿನ ಮೇಲೆ ಎಷ್ಟು ನಿಮಿಷ ನಿಲ್ಲಬೇಕು ಅನ್ನುವುದು ಆ ಸಾಲು ನೋಡಿದರೆ ಗೊತ್ತಾಗುತ್ತದೆ.